ಜವಳಿ ಅಂಗಡಿಗೆ ಮೊದಲ ಸೋಶಿಯಲ್ ಮೀಡಿಯಾ ಏಜೆನ್ಸಿ: ಬ್ರೀಫ್ ಬರೆಯುವುದು, ಬಂದ ಪ್ರಪೋಸಲ್ ತೂಗಿ ನೋಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳಿಗೆಲ್ಲ ಒಂದೇ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅಂಗಡಿ ಕಲ್ಪನೆಯದು, ಅದರ ಅಂಕಿಗಳೂ ಹಾಗೆಯೇ. ಲೆಕ್ಕ ಹಾಕುವ ದಾರಿಯನ್ನು ಮಾತ್ರ ನಿಮ್ಮ ಅಂಗಡಿಗೆ ಹಾಗೇ ಬಳಸಬಹುದು. ಹಾಸನದಲ್ಲಿ ಎರಡು ಮಳಿಗೆ, ಚಿಕ್ಕಮಗಳೂರಿನಲ್ಲಿ ಒಂದು. ರೇಷ್ಮೆ ಸೀರೆ, ಪಂಚೆ-ಶಲ್ಯ, ರೆಡಿಮೇಡ್ ಮೂರೂ ಇವೆ. ಕೆಲಸದವರು ಒಟ್ಟು 60 ಜನ. ಇದುವರೆಗೆ ಇನ್‌ಸ್ಟಾಗ್ರಾಂ ಪೇಜನ್ನು ಮಾಲೀಕರ ಮಗಳು ಬಿಡುವಾದಾಗ ನೋಡಿಕೊಳ್ಳುತ್ತಿದ್ದಳು.

### ಬ್ರೀಫ್ ಅಂತ ಕಾಗದದ ಮೇಲೆ ಬರೆಯಲೇಬೇಕಾ? ಫೋನಿನಲ್ಲಿ ಹೇಳಿದರೆ ಸಾಲದಾ?

ಸಾಲದು. ಬ್ರೀಫ್ ಎಂದರೆ ನಿಮಗೆ ಏನು ಬೇಕು, ಯಾಕೆ ಬೇಕು, ಎಷ್ಟು ಹಣವಿದೆ ಎಂದು ಏಜೆನ್ಸಿಗೆ ಬರೆದು ಕೊಡುವ ಕಾಗದ. "ನಮ್ಮ ಪೇಜ್ ನೋಡ್ಕೊಳ್ಳಿ, ತಿಂಗಳಿಗೆ ಎಷ್ಟಾಗುತ್ತೆ ಹೇಳಿ" ಎಂದು ಮೂವರಿಗೆ ಫೋನ್ ಮಾಡಿದರೆ ಒಬ್ಬರು 25 ಸಾವಿರ ಅನ್ನುತ್ತಾರೆ, ಇನ್ನೊಬ್ಬರು 90 ಸಾವಿರ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ಹಬ್ಬದ ಶುಭಾಶಯದ ಚಿತ್ರಗಳಿಗೆ ಬೆಲೆ ಕಟ್ಟಿದ್ದಾರೆ, ಎರಡನೆಯವರು ಕ್ಯಾಮೆರಾ ತಂಡ ಕಳಿಸುವುದಕ್ಕೆ. ನೀವು ಕೇಳಿದ್ದು ಒಂದೇ ಆಗಿರದಿದ್ದರೆ ಬಂದ ಉತ್ತರಗಳನ್ನು ಹೋಲಿಸುವುದಕ್ಕೇ ಆಗುವುದಿಲ್ಲ.

ಎರಡು ಪುಟ ಸಾಕು, ಮೂರಕ್ಕಿಂತ ಹೆಚ್ಚು ಬೇಡ. ಕನ್ನಡದಲ್ಲೇ ಬರೆಯಿರಿ. ಅದನ್ನು ಓದಿ ಅರ್ಥ ಮಾಡಿಕೊಳ್ಳಲಾಗದ ಏಜೆನ್ಸಿ ನಿಮ್ಮ ಗಿರಾಕಿಗಳಿಗೆ ಕನ್ನಡದಲ್ಲಿ ಏನು ಬರೆದೀತು?

### ಉದ್ದೇಶ ಅಂತ ಏನು ಬರೆಯಬೇಕು? "ಬ್ರಾಂಡ್ ಬೆಳೆಸಬೇಕು, ಫಾಲೋವರ್ಸ್ ಜಾಸ್ತಿ ಆಗಬೇಕು" ಅಂದರೆ ಆಗಲ್ವಾ?

ಆಗುವುದಿಲ್ಲ. ಯಾಕೆಂದರೆ ಫಾಲೋವರ್ಸ್ ಕೇಳಿದರೆ ಫಾಲೋವರ್ಸೇ ಸಿಗುತ್ತಾರೆ. ಉಡುಗೊರೆ ಕೊಡುವ ಸ್ಪರ್ಧೆ ಇಟ್ಟು ತಿಂಗಳೊಳಗೆ ಐದು ಸಾವಿರ ಜನರನ್ನು ಸೇರಿಸಬಹುದು. ಅವರಲ್ಲಿ ಹೆಚ್ಚಿನವರು ಬೀದರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಹಾಸನಕ್ಕೆ ಸೀರೆ ಕೊಳ್ಳಲು ಬರುವವರಲ್ಲ.

ಉದ್ದೇಶ ಸಿಗುವುದು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ. ಕಳೆದ ಎರಡು ವರ್ಷದ ಬಿಲ್ಲುಗಳನ್ನು ಎಕ್ಸೆಲ್‌ಗೆ ಇಳಿಸಿ, ಮೊತ್ತದ ಪ್ರಕಾರ ಮೂರು ಗುಂಪು ಮಾಡಿ: ಐದು ಸಾವಿರದೊಳಗೆ, ಐದರಿಂದ 25 ಸಾವಿರ, 25 ಸಾವಿರದ ಮೇಲೆ. ನಮ್ಮ ಉದಾಹರಣೆಯ ಅಂಗಡಿಯಲ್ಲಿ ಮೊದಲೆರಡು ಗುಂಪು ಹೆಚ್ಚುಕಡಿಮೆ ಇದ್ದಲ್ಲೇ ಇವೆ. ಮೂರನೆಯದು ಮಾತ್ರ ಒಂದು ಮದುವೆ ಸೀಸನ್ನಿನಲ್ಲಿ 1,140 ಇದ್ದದ್ದು ಮುಂದಿನದಕ್ಕೆ 930ಕ್ಕೆ ಇಳಿದಿದೆ. 25 ಸಾವಿರ ದಾಟುವ ಬಿಲ್ ಎಂದರೆ ಬಹುತೇಕ ಮದುವೆ ಜವಳಿ: ಧಾರೆ ಸೀರೆ, ಬೀಗರಿಗೆ ಕೊಡುವ ಸೀರೆಗಳು, ಗಂಡಿನ ಪಂಚೆ-ಶಲ್ಯ. ಕೌಂಟರಿನ ಹಳಬರನ್ನು ಕೇಳಿದರೆ ಕಾರಣವೂ ಸಿಗುತ್ತದೆ. ಹೆಣ್ಣಿನ ಮನೆಯವರು ಮೊಬೈಲಿನಲ್ಲಿ ಸೀರೆ ನೋಡಿ, ಬೆಂಗಳೂರಿಗೋ ಮೈಸೂರಿಗೋ ಹೋಗಿ ಜವಳಿ ತೆಗೆದುಕೊಂಡು, ಉಳಿದ ಚಿಲ್ಲರೆ ಬಟ್ಟೆಗೆ ಮಾತ್ರ ಇಲ್ಲಿ ಬರುತ್ತಿದ್ದಾರೆ.

ಈಗ ಉದ್ದೇಶ ಒಂದೇ ವಾಕ್ಯದಲ್ಲಿ ಬರೆಯಬಹುದು: "ಬರುವ ಮದುವೆ ಸೀಸನ್ನಿನಲ್ಲಿ 25 ಸಾವಿರ ದಾಟಿದ ಬಿಲ್ಲುಗಳು 930ರಿಂದ 1,100ಕ್ಕೆ ಏರಬೇಕು." ಇದನ್ನು ಓದಿದ ಏಜೆನ್ಸಿಗೆ ರೆಡಿಮೇಡ್ ಶರ್ಟಿನ ರೀಲ್ಸ್ ಮಾಡಿ ಕಾಲ ಕಳೆಯಲು ಅವಕಾಶ ಉಳಿಯುವುದಿಲ್ಲ. ಈ ಅಂಕಿ ಪೂರ್ತಿ ಅವರ ಕೈಯಲ್ಲಿಲ್ಲ ಎಂಬುದೂ ನಿಜ. ಸ್ಟಾಕು, ಬೆಲೆ, ಕೌಂಟರಿನ ಮಾತು ನಿಮ್ಮವು. ಅದಕ್ಕೇ ಏಜೆನ್ಸಿಗೆಂದು ಒಂದು ಮೆಟ್ಟಿಲು ಕೆಳಗಿನ ಗುರಿಯನ್ನೂ ಬರೆಯಿರಿ: ಮದುವೆ ಜವಳಿಯ ಬಗ್ಗೆ ವಾಟ್ಸಾಪಿನಲ್ಲಿ ಬರುವ ವಿಚಾರಣೆ ತಿಂಗಳಿಗೆ ಇಷ್ಟು, ಅದರಲ್ಲಿ ಅಂಗಡಿಗೆ ಬರುವ ದಿನ ಗೊತ್ತು ಮಾಡಿದವರು ಇಷ್ಟು. ಆ ಸಂಖ್ಯೆಯನ್ನು ಅವರೇ ಪ್ರಪೋಸಲ್‌ನಲ್ಲಿ ಸೂಚಿಸಲಿ. ಹೇಗೆ ಲೆಕ್ಕ ಹಾಕಿದರು ಎಂಬುದರಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ.

### ಬಜೆಟ್ ಮೊದಲೇ ಹೇಳಿಬಿಟ್ಟರೆ ಅಷ್ಟನ್ನೂ ನುಂಗುತ್ತಾರಲ್ಲ?

ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಹೇಳಿ ಎಂಬುದೇ ನಮ್ಮ ಉತ್ತರ. ಹೇಳದಿದ್ದರೆ ಎಲ್ಲರೂ ಊಹೆಯಲ್ಲಿ ಬೆಲೆ ಕಟ್ಟುತ್ತಾರೆ, ನೀವು ಕೊನೆಗೆ ಕಡಿಮೆ ಬೆಲೆಯವರನ್ನು ಆರಿಸುತ್ತೀರಿ. ಹೇಳಿದರೆ ಪ್ರಶ್ನೆ ಬದಲಾಗುತ್ತದೆ: "ಇದೇ ದುಡ್ಡಿಗೆ ಯಾರು ಹೆಚ್ಚು ಉಪಯೋಗದ ಕೆಲಸ ಮಾಡುತ್ತಾರೆ?"

ಆದರೆ ಮೊತ್ತ ಗಾಳಿಯಲ್ಲಿ ಹುಟ್ಟಬಾರದು. 930ರಿಂದ 1,100 ಎಂದರೆ 170 ಹೆಚ್ಚುವರಿ ಬಿಲ್. ಈ ಗುಂಪಿನ ಸರಾಸರಿ ಬಿಲ್ 38,000 ರೂಪಾಯಿ, ಅದರಲ್ಲಿ ಒಟ್ಟು ಲಾಭ ನೂರಕ್ಕೆ 22 ಎಂದುಕೊಳ್ಳಿ. ಒಂದು ಬಿಲ್ಲಿಗೆ 8,360 ರೂಪಾಯಿ, 170ಕ್ಕೆ ಸುಮಾರು 14.2 ಲಕ್ಷ. ಆರು ತಿಂಗಳಿಗೆ ಫೀ, ಶೂಟಿಂಗ್, ಜಾಹೀರಾತು ಎಲ್ಲ ಸೇರಿ 8.8 ಲಕ್ಷ ಇಟ್ಟರೆ, 106 ಹೆಚ್ಚುವರಿ ಬಿಲ್ ಬಂದಾಗ ಖರ್ಚಿಗೆ ಸರಿಹೋಗುತ್ತದೆ. ಗುರಿ ಮುಟ್ಟದಿದ್ದರೂ ಕೈ ಸುಡುವುದಿಲ್ಲ. ಅದೇ ಲೆಕ್ಕದಲ್ಲಿ 20 ಲಕ್ಷ ಇಟ್ಟರೆ 170 ಬಿಲ್ ಬಂದರೂ ನಷ್ಟವೇ.

ಬ್ರೀಫಿನಲ್ಲಿ ಬರೆಯಬೇಕಾದದ್ದು ಈ 8.8 ಲಕ್ಷ ಮಾತ್ರ, ಜಿಎಸ್‌ಟಿ ಬೇರೆ ಎಂದು ಸೇರಿಸಿ. ಲಾಭದ ಶೇಕಡಾವಾರು ನಿಮ್ಮಲ್ಲೇ ಇರಲಿ. ಫೀಗೆ ಎಷ್ಟು, ಜಾಹೀರಾತಿಗೆ ಎಷ್ಟು ಎಂದು ಹಂಚುವ ಕೆಲಸ ಏಜೆನ್ಸಿಗೆ ಬಿಡಿ, ಯಾಕೆ ಹಾಗೆ ಹಂಚಿದಿರಿ ಎಂದು ಬರೆಯಲು ಹೇಳಿ.

### ಬ್ರೀಫಿನಲ್ಲಿ ಇನ್ನೇನು ಇರಬೇಕು?

ಹೊರಗಿನವರಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ ಸಂಗತಿಗಳು. ಅಂಗಡಿಯ ಇತಿಹಾಸ, ಅಜ್ಜ 1950ರ ದಶಕದಲ್ಲಿ ಸಂತೆಯಲ್ಲಿ ಬಟ್ಟೆ ಮಾರಿದ್ದು, ಇವು ಎರಡು ಸಾಲಿನಲ್ಲಿ ಮುಗಿಯಲಿ.

ಮೊದಲನೆಯದು ಕಾಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಜವಳಿ ಗಿರಾಕಿ ಮುಹೂರ್ತಕ್ಕೆ ಎಷ್ಟು ವಾರ ಮೊದಲು ಬರುತ್ತಾರೆ ಎಂಬುದನ್ನು ನಿಮ್ಮ ಕೌಂಟರಿನವರು ಹೇಳಬಲ್ಲರು, ಅದನ್ನು ಬರೆಯಿರಿ. ಮಲೆನಾಡಿನ ಕಡೆ ಇನ್ನೊಂದು ಲೆಕ್ಕವಿದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ಸುಮಾರಿಗೆ, ರೊಬಸ್ಟಾ ಅದರ ಹಿಂದೆಯೇ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳವರು ಕೊಯ್ಲಿನ ಗಡಿಬಿಡಿಯಲ್ಲಿ ಪೇಟೆಗೆ ಇಳಿಯುವುದಿಲ್ಲ, ಕಾಫಿ ಮಾರಿ ದುಡ್ಡು ಕೈಗೆ ಬಂದ ಮೇಲೆ ಬರುತ್ತಾರೆ. ಬೆಂಗಳೂರಿನಲ್ಲಿ ಕೂತು ತಿಂಗಳ ಕ್ಯಾಲೆಂಡರ್ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಅವರಿಗೆ ಹೊಳೆಯುವುದು ಹಾಸನಾಂಬೆ: ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಊರಿಗೆ ಜನಸಾಗರ ಬರುತ್ತದೆ, ಆಗ ಜಾಹೀರಾತು ಸುರಿಯೋಣ ಎಂದು. ಬರುವವರು ದರ್ಶನದ ಸಾಲಿಗೆ ಬಂದವರು, ಧಾರೆ ಸೀರೆಗಲ್ಲ.

ಎರಡನೆಯದು ಸ್ಟಾಕು. ಹೊಸ ರೇಷ್ಮೆ ಸೀರೆಗಳು ಯಾವ ತಿಂಗಳಲ್ಲಿ ಬರುತ್ತವೆ, ಒಂದು ಡಿಸೈನಿನಲ್ಲಿ ಎಷ್ಟು ಪೀಸ್ ಇರುತ್ತವೆ? ಒಂದೇ ಪೀಸ್ ಇರುವ ಸೀರೆಯ ರೀಲ್ ಚೆನ್ನಾಗಿ ಓಡಿದರೆ ಅದೇ ಬೇಕೆಂದು ನಲವತ್ತು ಜನ ಕೇಳುತ್ತಾರೆ, ಮೂವತ್ತೊಂಬತ್ತು ಜನಕ್ಕೆ "ಹೋಯ್ತು" ಎನ್ನಬೇಕು. ಒಂದು ಡಿಸೈನಿನ ನಾಲ್ಕೈದು ಬಣ್ಣ ಇರುವುದನ್ನೇ ಶೂಟ್ ಮಾಡಬೇಕು ಎಂದು ಬ್ರೀಫಿನಲ್ಲೇ ಹಾಕಿ.

ಮೂರನೆಯದು ನಿಮ್ಮ ಕಡೆಯ ಮನುಷ್ಯ. ಡಿಸೈನ್ ನೋಡಿ ಒಪ್ಪಿಗೆ ಕೊಡುವವರು ಒಬ್ಬರೇ ಇರಬೇಕು, ಎಷ್ಟು ಗಂಟೆಯೊಳಗೆ ಕೊಡುತ್ತಾರೆ ಎಂದೂ ಬರೆದಿರಬೇಕು. ಅಣ್ಣ ಸರಿ ಎಂದದ್ದನ್ನು ತಮ್ಮ ಬೇಡ ಎಂದು, ಅಪ್ಪಾಜಿ ಊರಿಂದ ಬಂದ ಮೇಲೆ ನೋಡೋಣ ಎಂದರೆ ಗೌರಿ ಹಬ್ಬದ ಪೋಸ್ಟು ಗಣಪತಿ ಬಿಟ್ಟ ಮೇಲೆ ಹೋಗುತ್ತದೆ. ಏಜೆನ್ಸಿ ಸರಿಯಿಲ್ಲ ಎಂಬ ದೂರುಗಳಲ್ಲಿ ಒಂದು ಪಾಲು ನಿಜವಾಗಿ ಇದೇ.

### ಎಷ್ಟು ಏಜೆನ್ಸಿಗೆ ಕಳಿಸಬೇಕು? ಬೆಂಗಳೂರಿನವರೇ ಬೇಕಾ?

ಐದಾರು ಜನರೊಂದಿಗೆ ಫೋನಿನಲ್ಲಿ ಮಾತಾಡಿ, ಮೂವರಿಗೆ ಬ್ರೀಫ್ ಕಳಿಸಿ. ಹತ್ತು ಜನಕ್ಕೆ ಕಳಿಸಿದರೆ ಹತ್ತು ಪ್ರಪೋಸಲ್ ಓದುವ ಪುರುಸೊತ್ತು ನಿಮಗಿಲ್ಲ. ಅದು ಗೊತ್ತಾದರೆ ಒಳ್ಳೆಯ ಏಜೆನ್ಸಿ ಉತ್ತರವನ್ನೇ ಕೊಡುವುದಿಲ್ಲ. ಒಂದು ಊರಿನದು, ಒಂದು ಮೈಸೂರಿನದು, ಒಂದು ಬೆಂಗಳೂರಿನದು ಇದ್ದರೆ ಹೋಲಿಕೆಗೆ ಒಳ್ಳೆಯದು. ಪ್ರಪೋಸಲ್‌ಗೆ ಹತ್ತು ದಿನ ಕೊಡಿ. ಮಧ್ಯೆ ಒಬ್ಬರು ಕೇಳಿದ ಪ್ರಶ್ನೆಯ ಉತ್ತರವನ್ನು ಮೂವರಿಗೂ ಕಳಿಸಿ. ಪ್ರಶ್ನೆಯನ್ನೇ ಕೇಳದೆ ಮೂರನೇ ದಿನಕ್ಕೆ ನಲವತ್ತು ಪುಟ ಕಳಿಸಿದವರು ಬೇರೆ ಯಾವುದೋ ಅಂಗಡಿಗೆ ಮಾಡಿದ್ದರಲ್ಲಿ ಹೆಸರು ಬದಲಿಸಿದ್ದಾರೆ ಎಂದು ಅನುಮಾನ ಪಡಿ. ಪುಟ ತಿರುಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಹಳೆಯ ಹೆಸರು ಸಿಕ್ಕರೂ ಸಿಗಬಹುದು.

### ಸ್ಯಾಂಪಲ್ ಮಾಡಿಕೊಡಿ ಅಂತ ಕೇಳಬಹುದಾ?

ಕೇಳಿ, ಆದರೆ ದುಡ್ಡು ಕೊಟ್ಟು. ಮೂವರಿಗೂ ತಲಾ 7,500 ರೂಪಾಯಿ ಎಂದಿಟ್ಟುಕೊಳ್ಳಿ. ಬಿಟ್ಟಿ ಕೇಳಿದರೆ ತರಬೇತಿಗೆ ಬಂದ ಹುಡುಗ ಮಾಡಿದ್ದು ಬರುತ್ತದೆ, ಅಥವಾ ಹೊರಗಿನಿಂದ ಒಬ್ಬ ಒಳ್ಳೆಯ ಎಡಿಟರ್ ಕರೆಸಿ ಮಾಡಿಸಿದ್ದು ಬರುತ್ತದೆ. ಎರಡರಲ್ಲೂ ನಾಳೆ ನಿಮ್ಮ ಕೆಲಸ ಮಾಡುವವರ ಕೈ ಕಾಣುವುದಿಲ್ಲ.

ಕೆಲಸ ಚಿಕ್ಕದಿರಲಿ, ಮೂವರಿಗೂ ಒಂದೇ ಇರಲಿ. ಒಂದು ಧಾರೆ ಸೀರೆಯ ಆರು ಫೋಟೊ ಮತ್ತು ಬೆಲೆ ಕಳಿಸಿ, 30 ಸೆಕೆಂಡಿನ ರೀಲ್ ಹೇಗಿರುತ್ತದೆ ಎಂದು ಶಾಟ್ ಶಾಟಾಗಿ ಬರೆದು ಕೊಡಲು ಹೇಳಿ. ರೀಲ್ ಮಾಡುವುದು ಬೇಡ. ಜೊತೆಗೆ ನಿಮ್ಮ ಇನ್‌ಬಾಕ್ಸಿನ ಮೂರು ನಿಜವಾದ ಮೆಸೇಜುಗಳನ್ನು, ಕಳಿಸಿದವರ ಹೆಸರು-ನಂಬರ್ ತೆಗೆದು, ಕೊಟ್ಟು ಉತ್ತರ ಬರೆಸಿ. ಉದಾಹರಣೆಗೆ ಒಂದು: "ಅಕ್ಕ ಮಗಳ ಮದ್ವೆ ಇದೆ, 15 ಸಾವ್ರದೊಳಗೆ ಧಾರೆ ಸೀರೆ ಸಿಗುತ್ತಾ, ಭಾನುವಾರ ಓಪನ್ ಇರುತ್ತಾ".

ಈ ಎರಡನೇ ಕೆಲಸದಲ್ಲೇ ಜಾಣತನ ಹೊರಬೀಳುವುದು. ಒಬ್ಬರ ಉತ್ತರ: "ಆತ್ಮೀಯ ಗ್ರಾಹಕರೇ, ನಮ್ಮಲ್ಲಿ ವಿಶಾಲ ಶ್ರೇಣಿಯ ವಧುವಿನ ಸೀರೆಗಳು ಲಭ್ಯವಿದ್ದು, ದಯವಿಟ್ಟು ಭೇಟಿ ನೀಡಿ." ಇನ್ನೊಬ್ಬರದು: "ಸಿಗುತ್ತೆ ಮೇಡಂ, 11ರಿಂದ 15 ಸಾವಿರದೊಳಗೆ ತೋರಿಸ್ತೀವಿ. ಭಾನುವಾರ ಬೆಳಿಗ್ಗೆ 10ಕ್ಕೆ ತೆಗೀತೀವಿ. ಎಷ್ಟು ಜನ ಬರ್ತೀರ, ಯಾವ ಬಣ್ಣ ಅಂದ್ಕೊಂಡಿದೀರ ಹೇಳಿದ್ರೆ ತೆಗೆದಿಟ್ಟಿರ್ತೀವಿ." ಎರಡನೆಯವರು ಕೇಳಿದ ಎರಡು ಪ್ರಶ್ನೆಗೂ ಉತ್ತರ ಕೊಟ್ಟು, ಬರುವ ದಿನವನ್ನೂ ಗಟ್ಟಿ ಮಾಡಿಕೊಂಡರು. ಮೊದಲನೆಯವರು ಅಕ್ಷರ ತಪ್ಪಿಲ್ಲದೆ ಬರೆದು ಗಿರಾಕಿಯನ್ನು ಕಳೆದುಕೊಂಡರು.

### ಮೂರು ಬೆಲೆ ಮೂರು ದಿಕ್ಕಿಗಿವೆ. ಹೇಗೆ ಹೋಲಿಸುವುದು?

ನಮ್ಮ ಉದಾಹರಣೆಯ ಅಂಗಡಿಗೆ ಬಂದ ಮೂರು ಪ್ರಪೋಸಲ್ ಹೀಗಿವೆ ಎಂದುಕೊಳ್ಳಿ.

| | ಬೆಂಗಳೂರಿನದು | ಹಾಸನದ್ದು | ಮೈಸೂರಿನದು |
|---|---|---|---|
| ತಿಂಗಳ ಫೀ (ರೂ.) | 95,000 | 40,000 | 68,000 |
| ತಿಂಗಳಿಗೆ ರೀಲ್ಸ್ | 12 | 15 | 8 |
| ತಿಂಗಳಿಗೆ ಪೋಸ್ಟ್ | 20 | 30 | 8 |
| ಶೂಟಿಂಗ್ | ಎರಡು ತಿಂಗಳಿಗೊಮ್ಮೆ, ಸಲಕ್ಕೆ 45,000 ಬೇರೆ | ಫೀನಲ್ಲೇ | ಫೀನಲ್ಲೇ |
| ಮೆಸೇಜಿಗೆ ಉತ್ತರ | ಇಲ್ಲ | ಇದೆ | ಇದೆ |
| ಆರು ತಿಂಗಳಿಗೆ ಏಜೆನ್ಸಿಗೆ | 7,05,000 | 2,40,000 | 4,08,000 |
| 8.8 ಲಕ್ಷದಲ್ಲಿ ಜಾಹೀರಾತಿಗೆ ಉಳಿದದ್ದು | 1,75,000 | 6,40,000 | 4,72,000 |

ತಿಂಗಳ ಫೀ ನೋಡಬೇಡಿ, ಕೊನೆಯ ಎರಡು ಸಾಲು ನೋಡಿ. ಬೆಂಗಳೂರಿನವರನ್ನು ತೆಗೆದುಕೊಂಡರೆ ವಿಡಿಯೋ ಚೆಂದ ಬರುತ್ತದೆ, ಅದನ್ನು ಜನರ ಮುಂದೆ ಇಡಲು ತಿಂಗಳಿಗೆ 30 ಸಾವಿರವೂ ಉಳಿಯುವುದಿಲ್ಲ. ಹಾಗಾದರೆ ಹಾಸನದವರೇ ಸರಿ ಎನ್ನಿಸುತ್ತದೆ. ಅಲ್ಲೇ ನಿಲ್ಲಿ, ಗಂಟೆಯ ಲೆಕ್ಕ ಹಾಕಿ.

ಒಂದು ರೀಲ್‌ಗೆ ಯೋಚನೆ, ಶೂಟಿಂಗ್, ಎಡಿಟಿಂಗ್, ನೀವು ಹೇಳಿದ ತಿದ್ದುಪಡಿ ಎಲ್ಲ ಸೇರಿ ಆರು ಗಂಟೆ ಹಿಡಿಯಿರಿ. ಒಂದು ಪೋಸ್ಟಿಗೆ ಒಂದೂವರೆ ಗಂಟೆ. ಮೆಸೇಜಿಗೆ ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಗೆ 26. ಜಾಹೀರಾತು ನೋಡಿಕೊಳ್ಳಲು 15, ವರದಿ ಮತ್ತು ಮೀಟಿಂಗಿಗೆ 8. ಹಾಸನದವರು ಒಪ್ಪಿಕೊಂಡ ಕೆಲಸ ತಿಂಗಳಿಗೆ 184 ಗಂಟೆ ಆಯಿತು. 40 ಸಾವಿರವನ್ನು ಅದರಿಂದ ಭಾಗಿಸಿದರೆ ಗಂಟೆಗೆ 217 ರೂಪಾಯಿ. ಅದರಲ್ಲೇ ಕ್ಯಾಮೆರಾ, ಬಾಡಿಗೆ, ಕರೆಂಟು, ಅವರ ಲಾಭ. ಮೈಸೂರಿನವರದು 109 ಗಂಟೆ, ಗಂಟೆಗೆ ಸುಮಾರು 624. ಬೆಂಗಳೂರಿನವರದು ಮೆಸೇಜ್ ಬಿಟ್ಟು 125 ಗಂಟೆ, ಗಂಟೆಗೆ 760.

217 ರೂಪಾಯಿಗೆ ಈ ಕೆಲಸ ಆಗುವುದಿಲ್ಲ ಎಂದಲ್ಲ, ಹೇಳಿದಷ್ಟು ಆಗುವುದಿಲ್ಲ. ಎರಡನೇ ತಿಂಗಳಿಂದ ಮೂವತ್ತು ಪೋಸ್ಟಿನಲ್ಲಿ ಇಪ್ಪತ್ತು "ಶುಭೋದಯ", "ಶುಭ ಶುಕ್ರವಾರ" ಆಗುತ್ತವೆ. ರೀಲ್ ಎಂದರೆ ಫೋಟೊಗಳನ್ನು ಪೋಣಿಸಿ ಹಾಡು ಹಚ್ಚಿದ್ದು. ಅವರು ಮೋಸಗಾರರಲ್ಲ, ಆರ್ಡರ್ ಸಿಗಲಿ ಎಂದು ಸಂಖ್ಯೆ ಜಾಸ್ತಿ ಬರೆದಿದ್ದಾರೆ ಅಷ್ಟೆ. ಅವರನ್ನು ಬಿಟ್ಟುಬಿಡುವ ಬದಲು ಹೀಗೆ ಕೇಳಿ: "8 ರೀಲ್, 8 ಪೋಸ್ಟು ಸಾಕು. ಯಾರು ಎಷ್ಟು ಗಂಟೆ ಕೂರುತ್ತಾರೆ ಬರೆದು, ಅದಕ್ಕೆ ತಕ್ಕ ಬೆಲೆ ಹೇಳಿ." 50 ಸಾವಿರ ಎಂದರೂ, ಹೇಳಿದ ಕೆಲಸ ನಿಜಕ್ಕೂ ಆಗುವುದರಿಂದ, ಅದು ಮೊದಲಿನ 40ಕ್ಕಿಂತ ಅಗ್ಗವೇ.

### ಅಂಕ ಹಾಕುವುದು ಹೇಗೆ? ಯಾರು ಹಾಕಬೇಕು?

ಅಂಕದ ಪಟ್ಟಿಯನ್ನು ಪ್ರಪೋಸಲ್ ತೆರೆಯುವ ಮೊದಲೇ ಬರೆದು ಇಟ್ಟುಬಿಡಿ. ತೆರೆದ ಮೇಲೆ ಬರೆದರೆ ಮನಸ್ಸಿಗೆ ಹಿಡಿಸಿದವರಿಗೆ ತಕ್ಕಂತೆ ಪಟ್ಟಿ ಬಾಗುತ್ತದೆ. ಈ ಅಂಗಡಿಗೆ ನಾವು ಹೇಳುವ ಹಂಚಿಕೆ: ನಿಮ್ಮ ಸಮಸ್ಯೆ ಅರ್ಥವಾಗಿದೆಯೇ ಎಂಬುದಕ್ಕೆ 30, ಯಾವ ಜನ ಎಷ್ಟು ಗಂಟೆ ಎಂಬುದಕ್ಕೆ 25, ಫಲ ಅಳೆಯುವ ರೀತಿಗೆ 20, ದುಡ್ಡು ಕೊಟ್ಟು ಮಾಡಿಸಿದ ಸ್ಯಾಂಪಲ್‌ಗೆ 15, ಬೆಲೆಗೆ 10. ಬೆಲೆಗೆ ಹತ್ತೇ ಯಾಕೆಂದರೆ ಬಜೆಟ್ ನೀವೇ ಹೇಳಿದ್ದೀರಿ. ಅದರೊಳಗೆ ಇದ್ದವರೇ ಇಲ್ಲಿಯವರೆಗೆ ಬಂದಿದ್ದಾರೆ.

ಮೂರು ಜನ ಅಂಕ ಹಾಕಲಿ: ಮಾಲೀಕರು, ಲೆಕ್ಕ ನೋಡುವವರು, ರೇಷ್ಮೆ ಕೌಂಟರಿನಲ್ಲಿ ವರ್ಷಗಟ್ಟಲೆ ಸೀರೆ ಬಿಡಿಸಿ ತೋರಿಸಿದವರೊಬ್ಬರು. ಮೂರನೆಯವರನ್ನು ಮರೆಯಬೇಡಿ, ಗಿರಾಕಿಯ ಬಾಯಿಂದ ಏನು ಬರುತ್ತದೆ ಎಂದು ಬಲ್ಲವರು ಅವರೊಬ್ಬರೇ. ಬೇರೆ ಬೇರೆ ಕೂತು ಹಾಕಲಿ, ಮಾಲೀಕರ ಅಂಕ ಕೊನೆಗೆ ತೆರೆಯಲಿ. "ಸಾಹುಕಾರ್ರು ಎಂಟು ಕೊಟ್ಟಿದ್ದಾರೆ" ಎಂದು ಗೊತ್ತಾದ ಮೇಲೆ ಕೌಂಟರಿನವರು ಮೂರು ಕೊಡುವುದಿಲ್ಲ.

ಒಟ್ಟು ಅಂಕಕ್ಕಿಂತ ಅಂತರ ಮುಖ್ಯ. ಬೆಂಗಳೂರಿನವರ "ಸಮಸ್ಯೆ ಅರ್ಥ" ಎಂಬಲ್ಲಿ ಮಾಲೀಕರು 30ಕ್ಕೆ 26, ಕೌಂಟರಿನವರು 11 ಕೊಟ್ಟಿದ್ದಾರೆ ಎಂದುಕೊಳ್ಳಿ. ಸರಾಸರಿ ತೆಗೆಯಬೇಡಿ, ಕೇಳಿ. ಅವರು ಹೇಳುತ್ತಾರೆ: "ವಿಡಿಯೋದಲ್ಲಿ ಹುಡುಗಿ ಒಬ್ಬಳೇ ಬಂದು ಸೀರೆ ಆರಿಸ್ತಾಳೆ ಅಂತ ಬರೆದಿದ್ದಾರೆ. ನಮ್ಮಲ್ಲಿ ಜವಳಿಗೆ ಎಂಟು ಜನ ಬರ್ತಾರೆ ಸಾರ್, ಸೋದರತ್ತೆ ಒಪ್ಪದೆ ಬಿಲ್ಲಾಗಲ್ಲ." ಅದು ಮಾಲೀಕರಿಗೂ ಗೊತ್ತಿದ್ದ ಮಾತು, ಚೆಂದದ ಸ್ಲೈಡುಗಳ ಮುಂದೆ ಮರೆತಿತ್ತು.

ಕೊನೆಗೆ ಮೈಸೂರಿನವರಿಗೆ 74, ಹಾಸನದವರಿಗೆ 71, ಬೆಂಗಳೂರಿನವರಿಗೆ 58 ಬಂತು ಎನ್ನಿ. ಮೂರು ಅಂಕದ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಆ ಇಬ್ಬರನ್ನೂ ಅಂಗಡಿಗೆ ಕರೆಸಿ, ಮುಂದಿನ ಎರಡು ಪ್ರಶ್ನೆಗಳಲ್ಲಿ ಇರುವುದನ್ನು ಮುಖಾಮುಖಿ ಕೇಳಿ.

### ಹಳೆಯ ಕೆಲಸ ತೋರಿಸುತ್ತಾರೆ, "ಹತ್ತು ಲಕ್ಷ ವ್ಯೂಸ್" ಅನ್ನುತ್ತಾರೆ. ನಂಬುವುದು ಹೇಗೆ?

ಸ್ಕ್ರೀನ್‌ಶಾಟ್ ನಂಬಬೇಡಿ. ಆ ಗ್ರಾಹಕರ ಒಪ್ಪಿಗೆ ಪಡೆದು ನಿಮ್ಮೆದುರೇ ಅಕೌಂಟ್ ತೆರೆದು ತೋರಿಸಲಿ. ಇನ್‌ಸ್ಟಾಗ್ರಾಂನ ಇನ್‌ಸೈಟ್ಸ್‌ನಲ್ಲಿ ನೋಡುಗರು ಯಾವ ಊರಿನವರು ಎಂಬ ಪಟ್ಟಿ ಇರುತ್ತದೆ. ತುಮಕೂರಿನ ಅಂಗಡಿಯ ಪೇಜಿಗೆ ತುಮಕೂರೇ ಮೊದಲ ಸಾಲುಗಳಲ್ಲಿ ಇಲ್ಲದಿದ್ದರೆ ಆ ಹತ್ತು ಲಕ್ಷಕ್ಕೆ ಅಂಗಡಿಯ ಮಟ್ಟಿಗೆ ಬೆಲೆ ಕಮ್ಮಿ.

ಆಮೇಲೆ ಜಾಹೀರಾತು ನಡೆಸುವ ಪುಟವಾದ ಆ್ಯಡ್ಸ್ ಮ್ಯಾನೇಜರ್ ತೆರೆಸಿ. ಕೆಲವರ ಅನುಭವವೆಲ್ಲ ಪೋಸ್ಟಿನ ಕೆಳಗಿನ "Boost post" ಬಟನ್ ಒತ್ತುವುದರಲ್ಲೇ ಮುಗಿದಿರುತ್ತದೆ. ನಿಮಗೆ ಬೇಕಾದದ್ದು ವಾಟ್ಸಾಪ್ ವಿಚಾರಣೆ ತರುವ ಜಾಹೀರಾತು. ಅಂಥದ್ದನ್ನು ಹಿಂದೆ ನಡೆಸಿದ್ದಾರೆಯೇ, ಒಂದು ವಿಚಾರಣೆಗೆ ಎಷ್ಟು ಬಿತ್ತು, ಕೆಲಸ ಮಾಡದ ಜಾಹೀರಾತನ್ನು ಎಷ್ಟು ದಿನಕ್ಕೆ ನಿಲ್ಲಿಸಿದರು ಎಂದು ಕೇಳಿ. ನಮ್ಮ ಉದಾಹರಣೆಯಲ್ಲಿ ಹಾಸನದವರು ಎಡವುವುದು ಇಲ್ಲೇ. ಕನ್ನಡ, ಉತ್ತರಿಸುವ ರೀತಿ ಎಲ್ಲ ಚೆನ್ನಾಗಿದ್ದೂ ಅವರು ಬೂಸ್ಟ್ ಬಿಟ್ಟು ಬೇರೆ ಮಾಡಿಲ್ಲ. ಲಕ್ಷಗಟ್ಟಲೆ ಜಾಹೀರಾತು ಹಣವನ್ನು ಕಲಿಯುವ ಕೈಗೆ ಕೊಡಬಾರದು. ಕೆಲಸ ಮೈಸೂರಿನವರಿಗೆ ಹೋಗುತ್ತದೆ.

ಫೋನ್ ಮಾಡಿ ವಿಚಾರಿಸುವಾಗ ಈಗಿನ ಗ್ರಾಹಕರ ಜೊತೆಗೆ, ಬಿಟ್ಟುಹೋದ ಒಬ್ಬರ ನಂಬರನ್ನೂ ಕೇಳಿ ಪಡೆಯಿರಿ. ಅವರಿಗೆ ಎರಡೇ ಪ್ರಶ್ನೆ: ಮೊದಲ ಮೀಟಿಂಗಿಗೆ ಬಂದವರು ನಾಲ್ಕನೇ ತಿಂಗಳಲ್ಲೂ ಫೋನ್ ಎತ್ತುತ್ತಿದ್ದರೇ? ಬಿಡುವಾಗ ಅಕೌಂಟ್ ತಕರಾರಿಲ್ಲದೆ ಕೈಗೆ ಬಂತೇ?

### ಇನ್‌ಸ್ಟಾಗ್ರಾಂ ನೋಡಿ ಬಂದ ಬಿಲ್ ಯಾವುದು ಅಂತ ಗೊತ್ತಾಗೋದು ಹೇಗೆ?

ಪೂರ್ತಿ ಗೊತ್ತಾಗುವುದಿಲ್ಲ. ಪೂರ್ತಿ ತೋರಿಸುತ್ತೇವೆ ಎನ್ನುವ ಪ್ರಪೋಸಲ್‌ಗೆ ಅಂಕ ಕಡಿಮೆ ಕೊಡಿ. ಹತ್ತಿರಕ್ಕೆ ಹೋಗಲು ದಾರಿಗಳಿವೆ.

ಜಾಹೀರಾತಿಗೆಂದೇ ಬೇರೆ ವಾಟ್ಸಾಪ್ ನಂಬರ್ ಇಡಿ; ಬೋರ್ಡು, ಕ್ಯಾರಿಬ್ಯಾಗ್ ಎಲ್ಲೂ ಅದನ್ನು ಅಚ್ಚು ಹಾಕಿಸಬೇಡಿ. 25 ಸಾವಿರ ದಾಟಿದ ಬಿಲ್ಲಿಗೆ "ಎಲ್ಲಿ ನೋಡಿ ಬಂದ್ರಿ" ಎಂದು ಕೇಳಿ ಸಾಫ್ಟ್‌ವೇರಿನಲ್ಲಿ ಗುರುತು ಹಾಕಿಸಿ. ಇದು ಕೆಡುವುದು ಗಲ್ಲಾದ ಹತ್ತಿರ ಕೇಳಿದಾಗ. ಬಿಲ್ ಮಾಡುವ ಹುಡುಗ ಅವಸರದಲ್ಲಿ ಪಟ್ಟಿಯ ಮೊದಲ ಆಯ್ಕೆಯನ್ನೇ ಒತ್ತುತ್ತಾ ಹೋಗುತ್ತಾನೆ, ತಿಂಗಳ ಕೊನೆಗೆ ಎಲ್ಲರೂ "ಇನ್‌ಸ್ಟಾಗ್ರಾಂ" ಆಗಿರುತ್ತಾರೆ. ಪಟ್ಟಿಯ ಮೊದಲ ಆಯ್ಕೆ "ಕೇಳಿಲ್ಲ" ಎಂದಿರಲಿ, ಪ್ರಶ್ನೆಯನ್ನು ಸೀರೆ ತೋರಿಸುವವರೇ ಮಾತಿನ ನಡುವೆ ಕೇಳಲಿ.

ಇನ್ನೊಂದು ತೊಡಕು ಮುಹೂರ್ತದ್ದು. ಲಗ್ನಗಳು ಹೆಚ್ಚಿರುವ ವರ್ಷ ಏಜೆನ್ಸಿ ಇಲ್ಲದೆಯೂ ಬಿಲ್ ಏರುತ್ತದೆ. ನಿಮಗೆ ಎರಡು ಊರಿನಲ್ಲಿ ಮಳಿಗೆ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಎರಡು ತಿಂಗಳು ಜಾಹೀರಾತು ಹಾಸನದ ಸುತ್ತ ಮಾತ್ರ ಓಡಲಿ, ಚಿಕ್ಕಮಗಳೂರಿನ ಕಡೆ ಬೇಡ. ಮುಹೂರ್ತ ಎರಡೂ ಊರಿಗೆ ಒಂದೇ. ಹಾಸನದ್ದು ಹಿಂದಿನ ವರ್ಷಕ್ಕಿಂತ ನೂರಕ್ಕೆ 14 ಏರಿ, ಚಿಕ್ಕಮಗಳೂರಿನದು 5 ಏರಿದರೆ, ಜಾಹೀರಾತಿನ ಪಾಲು ಆ ನಡುವಿನ 9ರ ಆಸುಪಾಸು. ಜಾಹೀರಾತು ಎಷ್ಟು ದೂರದವರೆಗೆ ಎಂದು ಹಾಕುವಾಗ ಜೋಪಾನ: ಎರಡು ಊರಿನ ನಡುವೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಇದ್ದರೂ ಜಾಹೀರಾತಿನ ಮ್ಯಾಪ್ ನೇರ ಗೆರೆಯಲ್ಲಿ ಅಳೆಯುತ್ತದೆ, ಅದು 50ರಷ್ಟೇ. ಹಾಸನದಿಂದ ಸುತ್ತಲೂ 30 ಕಿಲೋಮೀಟರ್ ದೂರ ಸಾಕು. ಬೇಲೂರಿನವರು ಎರಡೂ ಕಡೆ ಹೋಗುವವರು, ಅವರನ್ನು ಈ ಲೆಕ್ಕದಿಂದ ಬಿಟ್ಟುಬಿಡಿ.

ಪ್ರಪೋಸಲ್‌ನಲ್ಲಿ ಇಂಥ ಯೋಚನೆ ಯಾರಾದರೂ ತಾವಾಗಿ ಬರೆದಿದ್ದರೆ 20ಕ್ಕೆ 18 ಕೊಡಬಹುದು.

### ಪಾಸ್‌ವರ್ಡ್ ಕೊಡಬೇಕಾ?

ಬೇಡ. ಪೇಜ್, ಇನ್‌ಸ್ಟಾಗ್ರಾಂ, ಜಾಹೀರಾತು ಅಕೌಂಟ್ ಮೂರೂ ನಿಮ್ಮ ಅಂಗಡಿಯ ಬಿಸಿನೆಸ್ ಪೋರ್ಟ್‌ಫೋಲಿಯೋದಲ್ಲಿ, ಎಂದರೆ ಇವನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವ ಅಂಗಡಿಯ ಖಾತೆಯಲ್ಲಿ, ಇರಬೇಕು. business.facebook.com ಸೆಟ್ಟಿಂಗ್ಸ್‌ನಲ್ಲಿ "Partners" ಎಂಬಲ್ಲಿ ಏಜೆನ್ಸಿಯ ಬಿಸಿನೆಸ್ ಐಡಿ ಹಾಕಿ, ಬೇಕಾದಷ್ಟು ಕೆಲಸಕ್ಕೆ ಮಾತ್ರ ಅನುಮತಿ ಕೊಡಿ. ಪೂರ್ಣ ಅಧಿಕಾರ ಮನೆಯ ಇಬ್ಬರ ಹೆಸರಿನಲ್ಲಿರಲಿ. ಒಬ್ಬರ ಫೋನ್ ಕಳೆದರೆ ಇನ್ನೊಬ್ಬರಿಂದ ಒಳಗೆ ಹೋಗಬಹುದು. ಜಾಹೀರಾತು ಅಕೌಂಟ್ ಏಜೆನ್ಸಿಯದೇ ಆಗಿದ್ದರೆ ಬಿಟ್ಟ ದಿನ ಆರು ತಿಂಗಳ ದಾಖಲೆಯೂ ಅವರ ಜೊತೆ ಹೋಗುತ್ತದೆ. ಈ ಷರತ್ತು ಬ್ರೀಫಿನಲ್ಲೇ ಇರಲಿ. ಒಪ್ಪದವರು ಅಲ್ಲೇ ಹಿಂದೆ ಸರಿಯುತ್ತಾರೆ.

ಜಾಹೀರಾತಿನ ದುಡ್ಡೂ ನಿಮ್ಮ ಕಾರ್ಡಿನಿಂದಲೇ ನೇರ ಹೋಗಲಿ. ಅಕೌಂಟಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದರೆ ಇನ್‌ವಾಯ್ಸ್ ನಿಮ್ಮ ಹೆಸರಿಗೇ ಬರುತ್ತದೆ. ಏಜೆನ್ಸಿ ಫೀಗೆ 18% ಜಿಎಸ್‌ಟಿ ಇದೆ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು. ಟಿಡಿಎಸ್ ಯಾವ ದರದಲ್ಲಿ ಹಿಡಿಯಬೇಕು ಎಂದು ಮೊದಲ ಬಿಲ್ಲಿಗೆ ಮುಂಚೆ ನಿಮ್ಮ ಆಡಿಟರನ್ನು ಕೇಳಿ.

### ರೀಲ್ಸ್‌ಗೆ ಸಿನಿಮಾ ಹಾಡು ಹಾಕಬಹುದಾ?

ವ್ಯಾಪಾರಕ್ಕಾಗಿ ಹಾಕುವಂತಿಲ್ಲ, ಆಡಿಯೋ ಕಂಪನಿಯಿಂದ ಲೈಸೆನ್ಸ್ ಇದ್ದರೆ ಹೊರತು. ಬಿಸಿನೆಸ್ ಅಕೌಂಟಿಗೆ ಇನ್‌ಸ್ಟಾಗ್ರಾಂ ಎಲ್ಲ ಹಾಡು ತೋರಿಸದಿರುವುದು ಇದೇ ಕಾರಣಕ್ಕೆ. ಕೆಲವು ಏಜೆನ್ಸಿಗಳು ಅಕೌಂಟನ್ನು ಕ್ರಿಯೇಟರ್ ಎಂದು ಬದಲಿಸಿ ಹಾಡು ಹಾಕುತ್ತವೆ. ಹಾಡು ಕಾಣಿಸುತ್ತದೆ, ಹಕ್ಕು ಬರುವುದಿಲ್ಲ. ನೋಟಿಸ್ ಬಂದರೆ ಬರುವುದು ಅಂಗಡಿಯ ಹೆಸರಿಗೆ. ಯಾವ ಸಂಗೀತ, ಎಲ್ಲಿಂದ ಎಂದು ಪ್ರಪೋಸಲ್‌ನಲ್ಲಿ ಬರೆಸಿ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯದೇ ಸಂಗೀತ ಸಂಗ್ರಹ, ಸೌಂಡ್ ಕಲೆಕ್ಷನ್ ಇದೆ. ಊರಿನ ನಾದಸ್ವರದವರಿಗೆ ದುಡ್ಡು ಕೊಟ್ಟು, ಬರೆಸಿಕೊಂಡು, ಹತ್ತು ನಿಮಿಷ ರೆಕಾರ್ಡ್ ಮಾಡಿಸಿದರೆ ಮದುವೆ ರೀಲ್ಸ್‌ಗೆ ಅದಕ್ಕಿಂತ ಚೆನ್ನಾಗಿರುತ್ತದೆ.

ರೀಲ್ಸ್ ಮಾಡುವ ಸ್ಥಳೀಯರಿಗೆ ಬಿಟ್ಟಿ ಸೀರೆ ಕೊಟ್ಟು ಹೊಗಳಿಸುವುದಿದ್ದರೆ, ಅದು ಜಾಹೀರಾತು ಎಂದು ಅವರು ವಿಡಿಯೋದಲ್ಲೇ ತಿಳಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಉಡುಗೊರೆಗೂ ಅನ್ವಯಿಸುತ್ತದೆ, ನಗದಿಗೆ ಮಾತ್ರವಲ್ಲ.

### ಯಾವಾಗ ಶುರು ಮಾಡಬೇಕು? ಎಷ್ಟು ದಿನದ ಒಪ್ಪಂದ?

ಬ್ರೀಫ್ ಬರೆದು ಒಪ್ಪಂದಕ್ಕೆ ಸಹಿ ಬೀಳುವವರೆಗೆ ಐದಾರು ವಾರ ಹಿಡಿಯುತ್ತದೆ. ಆಷಾಢದಲ್ಲಿ ಅಂಗಡಿ ಖಾಲಿ ಇರುತ್ತದೆ, ಕೌಂಟರಿನವರಿಗೂ ಕೂತು ಮಾತಾಡಲು ಪುರುಸೊತ್ತು. ಆಗ ಶುರು ಮಾಡಿದರೆ ಶ್ರಾವಣದಲ್ಲಿ ಮೊದಲ ಶೂಟಿಂಗ್ ಮಾಡಬಹುದು. ದೀಪಾವಳಿಗೆ ಹದಿನೈದು ದಿನ ಇರುವಾಗ ಹುಡುಕಲು ಹೊರಟರೆ ಯಾರು ಖಾಲಿ ಇದ್ದಾರೋ ಅವರೇ ಗತಿ.

ಒಪ್ಪಂದ ಆರು ತಿಂಗಳಿಗಿರಲಿ, ಮೂರನೇ ತಿಂಗಳಿಗೆ ಇಬ್ಬರೂ ಹೊರಬರಲು ಬಾಗಿಲು ಇರಲಿ, ಆಮೇಲೆ 30 ದಿನದ ನೋಟಿಸ್. ಪ್ರಪೋಸಲ್‌ನಲ್ಲಿ ಹೆಸರಿಸಿದ ಜನ ಬದಲಾದರೆ ಮೊದಲೇ ತಿಳಿಸಬೇಕು ಎಂಬ ಸಾಲು ಸೇರಿಸಿ. ಶೂಟ್ ಮಾಡಿದ ಮೂಲ ವಿಡಿಯೋಗಳು ಪ್ರತಿ ತಿಂಗಳು ಹಾರ್ಡ್ ಡಿಸ್ಕಿನಲ್ಲಿ ನಿಮಗೆ ಬರಬೇಕು. ಕ್ಯಾಮೆರಾ ಮುಂದೆ ನಿಲ್ಲುವ ಕೆಲಸದವರ, ಗಿರಾಕಿಗಳ ಒಪ್ಪಿಗೆ ಬರಹದಲ್ಲಿರಲಿ. ಮದುವೆ ನಿಂತುಹೋದ ಮನೆಯವರು ರೀಲ್ ತೆಗೆಯಿರಿ ಎಂದು ಕೇಳಿಕೊಂಡರೆ ಒಪ್ಪಿಗೆ ಪತ್ರ ತೋರಿಸುತ್ತಾ ಕೂರಬೇಡಿ, ಅಂದೇ ತೆಗೆಸಿ.

### ಆಯ್ಕೆಯಾಗದ ಇಬ್ಬರಿಗೆ ಏನು ಹೇಳುವುದು?

ಫೋನ್ ಮಾಡಿ, ಎಲ್ಲಿ ಅಂಕ ಕಡಿಮೆ ಬಿತ್ತು ಎಂದು ನೇರವಾಗಿ ಹೇಳಿ, ಸ್ಯಾಂಪಲ್‌ನ 7,500 ಅದೇ ವಾರ ಪಾವತಿಸಿ. ಅವರ ಯೋಚನೆಯನ್ನು ಎತ್ತಿ ಮೈಸೂರಿನವರ ಕೈಗೆ ಕೊಡಬೇಡಿ. ಬಳಸಬೇಕೆಂದಿದ್ದರೆ ಬೆಲೆ ಕೇಳಿ ಕೊಂಡುಕೊಳ್ಳಿ. ಹಾಸನದವರಿಗೆ ದಿನನಿತ್ಯದ ಶೂಟಿಂಗ್ ಅಥವಾ ಮೆಸೇಜ್ ಉತ್ತರಿಸುವ ಕೆಲಸವನ್ನಷ್ಟೇ ಬಿಡಿಯಾಗಿ ಕೊಡಬಹುದೇ ಎಂದೂ ಯೋಚಿಸಿ. ಮಂಗಳವಾರ ಹೊಸ ಸ್ಟಾಕು ಬಂದರೆ ಅದೇ ಸಂಜೆ ಕ್ಯಾಮೆರಾ ಹಿಡಿದು ಬರಬಲ್ಲವರು ಅವರೇ.